‘ತಕ್ಕದ್ದು’ ಎಲ್ಲಿ, ‘ಬಹುದು’ ಎಲ್ಲಿ: ಬಾಡಿಗೆ ಕರಾರಿನ ಒಂದು ಕಲಮು

ಇಂಗ್ಲಿಷ್ ಕರಾರನ್ನು ಕನ್ನಡಕ್ಕೆ ತರುವಾಗ ಬಾಧ್ಯತೆ ಹೊರಿಸುವ ‘ಶಲ್’ಗೂ ಅವಕಾಶ ಕೊಡುವ ‘ಮೇ’ಗೂ ಯಾವ ರೂಪ ಬಳಸಬೇಕು ಎಂದು ನೋಡಲು ಮನೆ ಬಾಡಿಗೆ ಕರಾರಿನಲ್ಲಿ ಅಡ್ವಾನ್ಸ್ ಹಣದ ಕಲಮು ತೆಗೆದುಕೊಳ್ಳೋಣ. ಇಂಗ್ಲಿಷ್ ಪ್ರತಿಯಲ್ಲಿ ಅದಕ್ಕೆ ಮೂರು ವಾಕ್ಯ. ಮನೆ ಬಿಡುವ ಎರಡು ತಿಂಗಳು ಮೊದಲು ಬಾಡಿಗೆದಾರರು ಮಾಲೀಕರಿಗೆ ಲಿಖಿತ ನೋಟಿಸು ಕೊಡುವ ವಾಕ್ಯದಲ್ಲಿ ‘ಶಲ್’ ಇದೆ. ಬಾಡಿಗೆ ಬಾಕಿಯನ್ನು ಮಾಲೀಕರು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ವಾಕ್ಯದಲ್ಲಿ ‘ಮೇ’ ಇದೆ. ಉಳಿದ ಹಣವನ್ನು ಅವರು 30 ದಿನದೊಳಗೆ ವಾಪಸ್ ಕೊಡುವ ವಾಕ್ಯದಲ್ಲಿ ಮತ್ತೆ ‘ಶಲ್’. ಇದರ ಕನ್ನಡ ಬಹಳ ಸಲ ಹೀಗೆ ಬಂದಿರುತ್ತದೆ:

“ಬಾಡಿಗೆದಾರರು ಎರಡು ತಿಂಗಳು ಮುಂಚಿತವಾಗಿ ಲಿಖಿತ ನೋಟಿಸು ನೀಡಲೇಬೇಕು. ಬಾಕಿ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬಹುದು. ಉಳಿದ ಮೊತ್ತವನ್ನು 30 ದಿನಗಳೊಳಗೆ ಹಿಂದಿರುಗಿಸಲಾಗುವುದು.”

ಓದಲು ಸರಾಗವಾಗಿದೆ. ಆದರೆ ಮೂರು ವಾಕ್ಯದಲ್ಲೂ ಕರಾರು ಬದಲಾಗಿ ಹೋಗಿದೆ.

ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಶಲ್’, ಅಂದರೆ ಎರಡೂ ಒಂದೇ ತೂಕದ ಬಾಧ್ಯತೆ. ಕನ್ನಡದಲ್ಲಿ ಬಾಡಿಗೆದಾರರ ಪಾಲಿಗೆ ‘ಲೇಬೇಕು’ ಬಂತು, ಮಾಲೀಕರ ಪಾಲಿಗೆ ‘ಲಾಗುವುದು’ ಬಂತು. ‘ಲಾಗುವುದು’ ಪ್ರಕಟಣೆಯ ಭಾಷೆ. “ನಾಳೆ ನೀರು ಬಿಡಲಾಗುವುದು” ಎಂದು ಬೋರ್ಡ್ ಹಾಕಿದರೆ ಅದು ಮಾಹಿತಿ. ಯಾರು ಬಿಡುತ್ತಾರೆ, ಬಿಡದಿದ್ದರೆ ಯಾರನ್ನು ಕೇಳಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಕಚೇರಿ ಕನ್ನಡದ ಅಭ್ಯಾಸದಿಂದ ಈ ರೂಪ ಕೈಗೆ ತಾನಾಗಿ ಬರುತ್ತದೆ. ಆದರೆ ಕರಾರಿನ ಬಾಧ್ಯತೆಯ ವಾಕ್ಯದಲ್ಲಿ ಅದಕ್ಕೆ ಜಾಗವೇ ಇಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

‘ಲೇಬೇಕು’ ತರುವ ತೊಂದರೆ ಬೇರೆ ಬಗೆಯದು. ಅದು ಇದ್ದ ವಾಕ್ಯವನ್ನು ಬಿಗಿ ಮಾಡುವುದರ ಜೊತೆಗೆ ಉಳಿದ ವಾಕ್ಯಗಳನ್ನು ಸಡಿಲ ಮಾಡುತ್ತದೆ. ನೋಟಿಸು ‘ಕೊಡಲೇಬೇಕು’, ಆದರೆ ಬಾಡಿಗೆ ‘ಕೊಡಬೇಕು’ ಎಂದು ಬರೆದರೆ, ಬಾಡಿಗೆ ಅಷ್ಟು ಕಡ್ಡಾಯವಲ್ಲವೇನೋ ಎಂದು ಓದುವವರಿಗೆ ಅನಿಸುತ್ತದೆ. ಇಂಗ್ಲಿಷಿನಲ್ಲಿ ಇಲ್ಲದ ಎರಡು ದರ್ಜೆಯ ಬಾಧ್ಯತೆಯನ್ನು ಅನುವಾದ ಹುಟ್ಟಿಸಿದಂತಾಯಿತು.

ಹೆಚ್ಚು ಜಗಳಕ್ಕೆ ದಾರಿಯಾಗುವುದು ನಡುವಿನ ವಾಕ್ಯ. ‘ಮುರಿದುಕೊಳ್ಳಬಹುದು’ ಸರಿ, ಯಾರು? ಕನ್ನಡದಲ್ಲಿ ಕರ್ತೃಪದ ಬಿಟ್ಟರೂ ವಾಕ್ಯ ಕೆಡುವುದಿಲ್ಲ; ‘ಬಹುದು’ ಎಂಬ ರೂಪವಂತೂ ಎಲ್ಲರಿಗೂ ಒಂದೇ, ಅದನ್ನು ನೋಡಿ ಕರ್ತೃ ಯಾರೆಂದು ಹೇಳಲಾಗದು. ಮೇಲಾಗಿ ಇಲ್ಲಿ ಹಿಂದಿನ ವಾಕ್ಯದ ಕರ್ತೃ ಬಾಡಿಗೆದಾರರು. ಮನೆ ಬಿಡುವ ಮುಂಚಿನ ಎರಡು ತಿಂಗಳು ಬಾಡಿಗೆ ಕಟ್ಟದೆ “ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ” ಎನ್ನುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಈ ವಾಕ್ಯವನ್ನು ತೋರಿಸಿ ಅದು ತಮ್ಮ ಹಕ್ಕು ಎಂದು ಬಾಡಿಗೆದಾರರು ವಾದಿಸಿದರೆ ಕನ್ನಡ ಪ್ರತಿ ಅದಕ್ಕೆ ಅಡ್ಡ ಬರುವುದಿಲ್ಲ. ಇಂಗ್ಲಿಷ್ ಪ್ರತಿ ಆ ಅವಕಾಶವನ್ನು ಕೊಟ್ಟದ್ದು ಮಾಲೀಕರಿಗೆ.

ತಿದ್ದಿದ ರೂಪ ಇದು:

“ಬಾಡಿಗೆದಾರರು ಮನೆ ಬಿಡುವ ಎರಡು ತಿಂಗಳು ಮೊದಲು ಮಾಲೀಕರಿಗೆ ಲಿಖಿತ ನೋಟಿಸು ಕೊಡತಕ್ಕದ್ದು. ಬಾಡಿಗೆ ಬಾಕಿ ಇದ್ದರೆ ಮಾಲೀಕರು ಅದನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬಹುದು. ಉಳಿದ ಹಣವನ್ನು ಮಾಲೀಕರು 30 ದಿನಗಳೊಳಗೆ ಬಾಡಿಗೆದಾರರಿಗೆ ಹಿಂದಿರುಗಿಸತಕ್ಕದ್ದು.”

30 ದಿನ ಯಾವತ್ತಿನಿಂದ ಎಂದು ಇಂಗ್ಲಿಷ್ ಹೇಳದಿದ್ದರೆ ಅನುವಾದಕರು ಅದನ್ನು ತುಂಬಬಾರದು. ಕೆಲಸ ಕೊಟ್ಟವರಿಗೆ ಪ್ರತ್ಯೇಕ ಟಿಪ್ಪಣಿ ಬರೆದು ಕೇಳಬೇಕು.

‘ತಕ್ಕದ್ದು’ ನಮ್ಮ ಅಧಿನಿಯಮಗಳ ಕನ್ನಡದಲ್ಲಿ ‘ಶಲ್’ಗೆ ನೆಲೆನಿಂತ ರೂಪ. ಅದರ ಮೇಲೆ ಒಂದು ಆಕ್ಷೇಪವಿದೆ, ಅದು ಸುಳ್ಳೂ ಅಲ್ಲ. ದಿನಬಳಕೆಯಲ್ಲಿ ‘ತಕ್ಕ’ ಎಂದರೆ ಯೋಗ್ಯ. ‘ಮೆಚ್ಚತಕ್ಕ ಮಾತು’ ಎಂದರೆ ಮೆಚ್ಚಲು ಅರ್ಹವಾದ ಮಾತು. ಕಾನೂನಿನ ಕನ್ನಡ ಓದಿ ಗೊತ್ತಿಲ್ಲದವರಿಗೆ ‘ಕೊಡತಕ್ಕದ್ದು’ ಎಂಬುದು ‘ಕೊಟ್ಟರೆ ಒಳ್ಳೆಯದು’ ಎಂದು ಕೇಳಿಸುವ ಸಾಧ್ಯತೆ ಇದೆ. ಸಹಿ ಮಾಡುವವರು ಅಂಥವರಾದರೆ ‘ಕೊಡಬೇಕು’ ಎಂದೇ ಬರೆಯಿರಿ, ಅರ್ಥಕ್ಕೆ ಲೋಪವಿಲ್ಲ. ಯಾವುದನ್ನು ಆರಿಸಿದರೂ ಮೊದಲ ಪುಟದಿಂದ ಕೊನೆಯವರೆಗೆ ಅದೊಂದೇ ಇರಲಿ. ‘ಬೇಕಾಗುತ್ತದೆ’ ಮಾತ್ರ ಬೇಡ. ಅದು ಮುಂದೆ ಒದಗಬಹುದಾದ ಸ್ಥಿತಿಯನ್ನು ವರ್ಣಿಸುತ್ತದೆ, ಬಾಧ್ಯತೆ ಹೊರಿಸುವುದಿಲ್ಲ.

ಹಾಗಾದರೆ ‘ಮಸ್ಟ್’? ಬಹಳಷ್ಟು ಕರಾರುಗಳಲ್ಲಿ ಅದು ‘ಶಲ್’ನ ಇನ್ನೊಂದು ಹೆಸರು. ಬೇರೆ ಬೇರೆ ಕಡೆಯಿಂದ ಕಲಮುಗಳನ್ನು ತಂದು ಜೋಡಿಸಿದಾಗ ಎರಡೂ ಬೆರೆತಿರುತ್ತವೆ. ಅಲ್ಲಿ ಎರಡಕ್ಕೂ ಒಂದೇ ಕನ್ನಡ ರೂಪ ಸಾಕು. ಆದರೆ ಕೆಲವು ಕಡೆ ಅದು ಬಾಧ್ಯತೆಯಲ್ಲ, ಷರತ್ತು. ಅಡ್ವಾನ್ಸ್ ವಾಪಸ್ ಪಡೆಯಬೇಕಾದರೆ ಬಾಡಿಗೆದಾರರು ಕೊನೆಯ ಕರೆಂಟ್ ಬಿಲ್ಲಿನ ರಸೀತಿ ತೋರಿಸುವ ವಾಕ್ಯದಲ್ಲಿ ‘ಮಸ್ಟ್’ ಇದೆ ಎನ್ನಿ. ಅದನ್ನು “ರಸೀತಿ ತೋರಿಸತಕ್ಕದ್ದು” ಎಂದಷ್ಟೇ ಬರೆದರೆ ಅದೊಂದು ಬಿಡಿ ಕರ್ತವ್ಯವಾಗುತ್ತದೆ, ಹಣಕ್ಕೂ ರಸೀತಿಗೂ ಇದ್ದ ಗಂಟು ಬಿಚ್ಚಿಹೋಗುತ್ತದೆ. “ರಸೀತಿ ತೋರಿಸಿದರೆ ಮಾತ್ರ ಅಡ್ವಾನ್ಸ್ ವಾಪಸ್ ಪಡೆಯಬಹುದು” ಎಂದಾಗ ಗಂಟು ಉಳಿಯುತ್ತದೆ. ಇಂಗ್ಲಿಷಿನಲ್ಲಿ ಆ ಗಂಟು ಇಲ್ಲದಿದ್ದರೆ ಈ ‘ಮಾತ್ರ’ವನ್ನು ತರಬೇಡಿ.

ನಿಷೇಧದ ರೂಪಗಳಲ್ಲಿ ಎಡವುವುದು ಇನ್ನೂ ಸುಲಭ. ಅಡ್ವಾನ್ಸಿಗೆ ಬಡ್ಡಿ ಕೊಡುವ ಹೊಣೆ ಮಾಲೀಕರಿಗೆ ಇಲ್ಲ ಎಂಬುದನ್ನು ಇಂಗ್ಲಿಷ್ ‘ಶಲ್ ನಾಟ್ ಬಿ ರಿಕ್ವೈರ್ಡ್’ ಎಂದು ಹೇಳುತ್ತದೆ. ‘ಶಲ್ ನಾಟ್’ ಕಂಡ ಕೂಡಲೇ “ಬಡ್ಡಿ ಕೊಡತಕ್ಕದ್ದಲ್ಲ” ಎಂದು ಬರೆದರೆ ಬಡ್ಡಿ ಕೊಡುವುದೇ ತಪ್ಪು ಎಂದಾಯಿತು. ಅಲ್ಲಿ ಬೇಕಾದದ್ದು “ಕೊಡಬೇಕಾಗಿಲ್ಲ”. ಅದೇ, ಮನೆಯನ್ನು ಒಳಬಾಡಿಗೆಗೆ ಕೊಡುವ ಬಗ್ಗೆ ‘ಮೇ ನಾಟ್’ ಬಂದರೆ ಅದು ಸಾಮಾನ್ಯವಾಗಿ ನಿಷೇಧ: “ಒಳಬಾಡಿಗೆಗೆ ಕೊಡುವಂತಿಲ್ಲ”. “ಕೊಡದಿರಬಹುದು” ಎಂದರೆ ಕೊಡುವುದೂ ಬಿಡುವುದೂ ಅವರಿಷ್ಟ ಎಂದಾಗುತ್ತದೆ.

ಇಷ್ಟು ಸೂಕ್ಷ್ಮ ಯಾಕೆ ಎನ್ನುವವರು ವೆಲ್ಲಿಂಗ್ಟನ್ ಅಸೋಸಿಯೇಟ್ಸ್ ವಿರುದ್ಧ ಕಿರೀಟ್ ಮೆಹ್ತಾ ಪ್ರಕರಣ ನೋಡಬೇಕು. ವಿವಾದವನ್ನು ಆರ್ಬಿಟ್ರೇಷನ್‌ಗೆ ಒಪ್ಪಿಸುವ ಕಲಮಿನಲ್ಲಿ ‘ಮೇ’ ಇತ್ತು. ಅದು ಕಡ್ಡಾಯವಲ್ಲ, ಆರ್ಬಿಟ್ರೇಷನ್‌ಗೆ ಹೋಗಲು ಎರಡೂ ಕಡೆಯವರ ಹೊಸ ಒಪ್ಪಿಗೆ ಬೇಕು ಎಂದು 2000ದಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅಂಥ ಕಲಮಿಗೆ ‘ಒಪ್ಪಿಸಬಹುದು’ ಎಂಬುದೇ ಸರಿಯಾದ ಕನ್ನಡ. ಬರೆದವರ ಮನಸ್ಸಿನಲ್ಲಿ ಕಡ್ಡಾಯವೇ ಇತ್ತು ಎಂದು ಊಹಿಸಿ ‘ಒಪ್ಪಿಸತಕ್ಕದ್ದು’ ಎಂದರೆ, ಇಲ್ಲದ ಒಪ್ಪಂದವೊಂದು ಕನ್ನಡ ಪ್ರತಿಯಲ್ಲಿ ಹುಟ್ಟಿಕೊಳ್ಳುತ್ತದೆ.

ಎಲ್ಲ ‘ಶಲ್’ಗೂ ‘ತಕ್ಕದ್ದು’ ಹಾಕಬೇಕೆಂದೂ ಇಲ್ಲ. ‘ಈ ಕರಾರು ಏಪ್ರಿಲ್ 1ರಿಂದ ಜಾರಿಗೆ ಬರುತ್ತದೆ’, ‘ಮಾಲೀಕರು ಎಂಬ ಪದ ಅವರ ವಾರಸುದಾರರನ್ನೂ ಒಳಗೊಳ್ಳುತ್ತದೆ’ ಎಂಬಂಥ ಕಡೆ ಯಾರಿಗೂ ಕರ್ತವ್ಯವಿಲ್ಲ. ಇಂಗ್ಲಿಷಿನಲ್ಲಿ ‘ಶಲ್’ ಇದ್ದರೂ ಕನ್ನಡಕ್ಕೆ ಸಾದಾ ಕ್ರಿಯಾಪದ ಸಾಕು.

ಕೆಲಸ ಮುಗಿದ ಮೇಲೆ ಇಂಗ್ಲಿಷ್ ಪ್ರತಿಯನ್ನು ಮುಚ್ಚಿಟ್ಟು ಕನ್ನಡವನ್ನು ಮಾತ್ರ, ಕರಾರನ್ನು ಮೊದಲು ಓದಿರದ ಒಬ್ಬರ ಕೈಗೆ ಕೊಡಿ. ಒಂದೊಂದು ವಾಕ್ಯಕ್ಕೂ ಎರಡೇ ಪ್ರಶ್ನೆ ಕೇಳಿ: ಇದನ್ನು ಮಾಡುವವರು ಯಾರು, ಮಾಡದಿದ್ದರೆ ತಪ್ಪಾಗುತ್ತದೆಯೇ? ಮೇಲಿನ ಮೊದಲ ಅನುವಾದವನ್ನು ಕೊಟ್ಟರೆ ಎರಡನೆಯ ವಾಕ್ಯಕ್ಕೆ “ಬಾಡಿಗೆದಾರರು ಇರಬೇಕು” ಎಂದೂ, ಮೂರನೆಯದಕ್ಕೆ “ಯಾರೋ ಕೊಡುತ್ತಾರೆ” ಎಂದೂ ಉತ್ತರ ಬಂದೀತು. ಮೊದಲು ತಿದ್ದಬೇಕಾದ ವಾಕ್ಯಗಳು ಅವೇ.