ಪೊಲೀಸರಿಗೆ ಹೇಳಿದ್ದು, ಕಂಪನಿಗೆ ಹೇಳದೇ ಉಳಿದದ್ದು

ಪುಣೆಯ ಹಡಪ್ಸರದಲ್ಲಿ ನೆಲೆಸಿರುವ ವಿಜಯಪುರದ ಹಿರಿಯರೊಬ್ಬರ ತರಕಾರಿ ಟೆಂಪೊ ಫೆಬ್ರುವರಿ 3ರ ರಾತ್ರಿ ಕಳವಾಯಿತು. ಬೆಳಗಾಗುತ್ತಲೇ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿದರು. ವಿಮಾ ಕಂಪನಿಗೆ ತಿಳಿಸಿದ್ದು ಮಾತ್ರ 26ರಂದು. ಪೊಲೀಸರಿಗೆ ಹೇಳಿದರೆ ಎಲ್ಲರಿಗೂ ಹೇಳಿದಂತೆಯೇ ಎಂದುಕೊಂಡಿದ್ದರು ಕಾಕಾ. ‘ಕೂಡಲೇ ತಿಳಿಸಿಲ್ಲ’ ಎಂಬ ಒಂದೇ ಕಾರಣ ಕೊಟ್ಟು ಕಂಪನಿ ಕ್ಲೇಮ್ ತಿರಸ್ಕರಿಸಿತು.

ಕಂಪನಿಗೆಂದು ಅವರು ಬರೆದು ನನ್ನ ಬಳಿ ತಂದಿದ್ದ ಉತ್ತರದಲ್ಲಿ ಅರ್ಧ ಪುಟ ಸಾಲದ ಕಂತಿನ ಗೋಳೇ ಇತ್ತು. ಅದನ್ನು ಹೊಡೆದುಹಾಕಿದೆ. ಈ ಜಗಳ ನಿಂತಿರುವುದು ಪಾಲಿಸಿಯ ಮೊದಲ ಷರತ್ತಿನ ಮೇಲೆ. ಅಪಘಾತವಾದರೆ ಕೂಡಲೇ ಕಂಪನಿಗೆ ಬರೆದು ತಿಳಿಸಬೇಕು ಎನ್ನುತ್ತದೆ ಅದರ ಮೊದಲ ಭಾಗ. ಕಳವಾದರೆ ಕೂಡಲೇ ಪೊಲೀಸರಿಗೆ ತಿಳಿಸಿ, ಕಂಪನಿಯೊಂದಿಗೆ ಸಹಕರಿಸಬೇಕು ಎನ್ನುತ್ತದೆ ಮುಂದಿನ ಭಾಗ.

ಕಳವಾದರೂ ಕೂಡಲೇ ತಮಗೆ ತಿಳಿಸಲೇಬೇಕು ಎನ್ನುತ್ತ ಕಂಪನಿಗಳು ಬಹುಕಾಲ ಇವೆರಡನ್ನೂ ಒಂದೇ ದಾರದಲ್ಲಿ ಕಟ್ಟಿದವು. ಕಾರು ಕಳವಿನ ಪ್ರಕರಣವೊಂದರಲ್ಲಿ ತಿಂಗಳುಗಟ್ಟಲೆ ತಡ ಮಾಡಿದವನಿಗೆ ಪರಿಹಾರವಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅವುಗಳ ಕೈಗೆ ಆಯುಧವಾಯಿತು. ಮರುವರ್ಷ, 2011ರ ಸೆಪ್ಟೆಂಬರ್ 20ರಂದು, ವಿಮಾ ನಿಯಂತ್ರಣ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು: ಸಮಯಕ್ಕೆ ತಿಳಿಸಿದ್ದರೂ ತಿರಸ್ಕಾರವಾಗುತ್ತಿತ್ತು ಎನ್ನುವಂಥ ಕ್ಲೇಮ್ ಆಗಿರದಿದ್ದರೆ, ತಡವೊಂದನ್ನೇ ಹಿಡಿದು ನಿರಾಕರಿಸಬೇಡಿ, ತಡದ ಕಾರಣವನ್ನು ವಿಚಾರಿಸಿ ದಾಖಲಿಸಿ. ಒಳ್ಳೆಯ ಮಾತು. ಆದರೂ ಎರಡು ಸಾಲಿನ ತಿರಸ್ಕಾರ ಪತ್ರಗಳು ನಿಲ್ಲಲಿಲ್ಲ.

2017ರಲ್ಲಿ ‘ಓಂ ಪ್ರಕಾಶ್’ ಪ್ರಕರಣದ ತೀರ್ಪು ವಾಹನದ ಮಾಲೀಕನ ಕಡೆ ವಾಲಿತು. ಹೀಗೆ ಎರಡು ದಿಕ್ಕಿನ ತೀರ್ಪುಗಳಾದ್ದರಿಂದ ಪ್ರಶ್ನೆ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2020ರ ಜನವರಿ 24ರಂದು ‘ಗುರ್‌ಶಿಂದರ್ ಸಿಂಗ್’ ಪ್ರಕರಣದಲ್ಲಿ ಗಂಟು ಬಿಚ್ಚಿತು. ಟ್ರ್ಯಾಕ್ಟರ್ ಕಳವಾದ ದಿನವೇ ಎಫ್‌ಐಆರ್ ಆಗಿತ್ತು, ಕಂಪನಿಗೆ ತಿಳಿಸಿದ್ದು 52 ದಿನಗಳ ಬಳಿಕ. ಪೊಲೀಸರಿಗೆ ಕೂಡಲೇ ತಿಳಿಸಿದ್ದು, ಕಳವು ನಿಜವೆಂದು ಕಂಡುಬಂದಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬುದಷ್ಟೇ ನಿರಾಕರಣೆಗೆ ಸಾಲದು ಎಂದಿತು ಪೀಠ.

ಕಾಕಾ ಅವರ ಪತ್ರದ ಎಲುಬು ಅದೇ: ‘ತಾವು ಕಳವನ್ನೇ ಅಲ್ಲಗಳೆದಿಲ್ಲ. ಎಫ್‌ಐಆರ್ ಫೆಬ್ರುವರಿ 4ರಂದೇ ಆಗಿದೆ. 23 ದಿನ ತಡವಾದ್ದರಿಂದ ತಮ್ಮ ತನಿಖೆಗೆ ಯಾವ ಅಡ್ಡಿಯಾಯಿತು ಎಂಬುದನ್ನು ಲಿಖಿತವಾಗಿ ತಿಳಿಸಿ.’ ಪೊಲೀಸರ ‘ಎ ಸಮರಿ’ ವರದಿಯನ್ನೂ ಲಗತ್ತಿಸಿದೆವು. ಕಳವು ನಿಜ, ಪತ್ತೆಯಾಗಿಲ್ಲ ಎಂದು ಮಹಾರಾಷ್ಟ್ರದಲ್ಲಿ ಪ್ರಕರಣ ಮುಗಿಸುವುದು ಆ ಹೆಸರಿನಲ್ಲಿ. ಎಫ್‌ಐಆರೇ ವಾರಗಟ್ಟಲೆ ತಡವಾಗಿದ್ದರೆ ಈ ತೀರ್ಪನ್ನು ನೆಚ್ಚಿ ಇಷ್ಟು ಗಟ್ಟಿಯಾಗಿ ಬರೆಯುವ ಹಾಗಿರಲಿಲ್ಲ.

ಪತ್ರ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಹೋಯಿತು. ತಿಂಗಳೊಳಗೆ ಉತ್ತರ ಬಾರದಿದ್ದರೆ ಪುಣೆಯ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದಿತ್ತು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮೂರನೇ ವಾರ ಉತ್ತರ ಬಂತು. ತಡದ ಮಾತೇ ಇಲ್ಲ, ಟೆಂಪೊದ ಎರಡೂ ಕೀಲಿಕೈ ಕೇಳಿದ್ದಾರೆ. ಒಂದು ಕಾಕಾ ಅವರ ಜೇಬಿನಲ್ಲಿದೆ, ಇನ್ನೊಂದು ವಿಜಯಪುರದ ಮನೆಯ ಟ್ರಂಕಿನಲ್ಲಿರಬೇಕು.