ಕೆಲಸದ ವೇಳೆಯಲ್ಲಿದ್ದರೆ ಸಾಕೇ? ಡೆಲಿವರಿ ಸವಾರ ಪಾದಚಾರಿಗೆ ಗುದ್ದಿದಾಗ ಮಾಲೀಕರ ಹೊಣೆ

ಟಾರ್ಟ್, ಅಂದರೆ ಸಿವಿಲ್ ತಪ್ಪುಗಳ ಕಾನೂನಿನ ಪರೀಕ್ಷೆಗೆ ಓದುವಾಗ ವೈಕೇರಿಯಸ್ ಲಯಬಿಲಿಟಿಯಲ್ಲಿ, ಅಂದರೆ ನೌಕರನ ತಪ್ಪಿಗೆ ಮಾಲೀಕರು ಹೊಣೆಯಾಗುವ ನಿಯಮದಲ್ಲಿ, ನನಗೆ ಹೆಚ್ಚು ಹೊತ್ತು ಹಿಡಿದದ್ದು ಒಂದೇ ಜಾಗ. 'ಕೆಲಸದ ವೇಳೆಯಲ್ಲಿ ಅಪಘಾತವಾಯಿತು' ಎಂಬುದು ಪ್ರಶ್ನೆಯಲ್ಲೇ ಇರುತ್ತದೆ, ಹಾಗಾಗಿ ಮಾಲೀಕರು ಹೊಣೆ ಎಂದು ಬರೆದು ಮುಗಿಸೋಣ ಅನಿಸುತ್ತದೆ. ಆದರೆ ಕೋರ್ಟ್ ಮುಖ್ಯವಾಗಿ ಕೇಳುವುದು ಗಡಿಯಾರ ಎಷ್ಟು ತೋರಿಸುತ್ತಿತ್ತು ಎಂಬುದನ್ನಲ್ಲ. ಗುದ್ದಿದ ಕ್ಷಣದಲ್ಲಿ ಸವಾರ ಯಾರ ಕೆಲಸದ ಮೇಲಿದ್ದ ಎಂಬುದನ್ನು. ಅದಕ್ಕೇ ಈ ಟಿಪ್ಪಣಿಯ ಬಹುಪಾಲು ಅದರ ಸುತ್ತಲೇ ಇದೆ.

ಮೊದಲು ಬೇಕಾದ ಮೂರು

ಸವಾರನ ನಿರ್ಲಕ್ಷ್ಯ ಸಾಬೀತಾಗಬೇಕು. ಅವನದೇ ತಪ್ಪಿಲ್ಲದಿದ್ದರೆ ಮಾಲೀಕರ ಮೇಲೆ ಹೊರಿಸಲು ಏನೂ ಇರುವುದಿಲ್ಲ. ಸವಾರ ಮತ್ತು ಮಾಲೀಕರ ನಡುವೆ ನೌಕರ–ಮಾಲೀಕ ಸಂಬಂಧ ಇರಬೇಕು. ತಪ್ಪು ಉದ್ಯೋಗದ ವ್ಯಾಪ್ತಿಯಲ್ಲಿ, ಅಂದರೆ ಕೋರ್ಸ್ ಆಫ್ ಎಂಪ್ಲಾಯ್‌ಮೆಂಟಿನಲ್ಲಿ, ನಡೆದಿರಬೇಕು. ಮೂರೂ ಸಿಕ್ಕರೆ ಮಾಲೀಕರು ಸ್ವತಃ ಏನೂ ತಪ್ಪು ಮಾಡದಿದ್ದರೂ ಹೊಣೆ. ಸವಾರನೂ ಹೊಣೆಯಿಂದ ಬಿಡುಗಡೆಯಾಗುವುದಿಲ್ಲ. ಗಾಯಾಳು ಇಬ್ಬರ ಮೇಲೂ ಹೋಗಬಹುದು.

ಮೂರನೆಯದು: ಒಂದು ಕಲ್ಪಿತ ಪ್ರಕರಣ

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮೆಡಿಕಲ್ ಶಾಪ್ ಇದೆ ಎಂದುಕೊಳ್ಳಿ. ಮನೆಮನೆಗೆ ಔಷಧ ತಲುಪಿಸಲು ತಿಂಗಳ ಸಂಬಳಕ್ಕೆ ಒಬ್ಬ ಹುಡುಗ ಇದ್ದಾನೆ. ಕೆಲಸ ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ. 11 ಗಂಟೆಗೆ ಕುವೆಂಪುನಗರದ ಆರ್ಡರ್ ಹಿಡಿದು ಹೊರಟವನು ಕೆಂಪು ಸಿಗ್ನಲ್ ದಾಟಿ, ಜೀಬ್ರಾ ಕ್ರಾಸಿಂಗ್‌ನಲ್ಲಿ ರಸ್ತೆ ದಾಟುತ್ತಿದ್ದ ಒಬ್ಬ ಹೆಂಗಸಿಗೆ ಗುದ್ದಿದ. ಅವರ ಕಾಲು ಮುರಿಯಿತು.

ಇದು ಸುಲಭ, ಅಂಗಡಿಯವರು ಹೊಣೆ. 'ಸಿಗ್ನಲ್ ಹಾರಿಸಬೇಡ, ಜೋರಾಗಿ ಓಡಿಸಬೇಡ ಅಂತ ನಾನು ಹೇಳಿದ್ದೆ' ಎಂದು ಅವರು ವಾದಿಸಿದರೂ ಉಳಿಯುವುದಿಲ್ಲ. 1862ರ ಲಿಂಪಸ್ ಪ್ರಕರಣದಲ್ಲಿ ಲಂಡನ್ನಿನ ಬಸ್ ಕಂಪನಿ, ಬೇರೆ ಬಸ್ಸುಗಳಿಗೆ ಅಡ್ಡ ಹೋಗಬಾರದೆಂದು ಚಾಲಕರಿಗೆ ಸ್ಪಷ್ಟ ಸೂಚನೆ ಕೊಟ್ಟಿತ್ತು. ಚಾಲಕ ಮೀರಿದ, ಕಂಪನಿಯೇ ಹೊಣೆಯಾಯಿತು. ಬಸ್ ಓಡಿಸುವುದೇ ಅವನಿಗೆ ವಹಿಸಿದ ಕೆಲಸ, ಅದನ್ನು ಕೆಟ್ಟದಾಗಿ ಮಾಡಿದ ಅಷ್ಟೆ. ನಿಷೇಧ ಕೆಲಸ ಮಾಡುವ ರೀತಿಗೆ ಸಂಬಂಧಿಸಿದ್ದರೆ ಅದು ಮಾಲೀಕರನ್ನು ಕಾಪಾಡುವುದಿಲ್ಲ.

ಈಗ ಅದೇ ಹುಡುಗ, ಅದೇ ದಿನ, ಅದೇ ಕೆಲಸದ ವೇಳೆ. ಸನ್ನಿವೇಶ ಮಾತ್ರ ಬದಲಾಯಿಸುತ್ತೇನೆ.

ಹೋಗುವ ದಾರಿಯಲ್ಲಿ ಪೆಟ್ರೋಲ್ ಬಂಕಿಗೆ ತಿರುಗುವಾಗ ಗುದ್ದಿದರೆ? ಗಾಡಿ ಓಡಬೇಕಾದರೆ ಪೆಟ್ರೋಲ್ ಬೇಕು. ಕೆಲಸದ ಭಾಗವೇ, ಅಂಗಡಿ ಹೊಣೆ.

ಒಂದು ಗಂಟೆಗೆ, ಮಾಲೀಕರು ಬೇಡವೆಂದಿದ್ದರೂ, ಅರ್ಧ ಕಿಲೋಮೀಟರ್ ಪಕ್ಕಕ್ಕೆ ಹೋಗಿ ಮನೆಯಲ್ಲಿ ಊಟ ಮಾಡಿಕೊಂಡು ಬರಲು ಹೊರಟಾಗ ಗುದ್ದಿದರೆ? ಇಲ್ಲಿ 1868ರ ವಾಟ್‌ಮನ್ ಪ್ರಕರಣ ನೆರವಿಗೆ ಬರುತ್ತದೆ. ಕುದುರೆಗಾಡಿಯ ಆಳಿಗೆ ಊಟಕ್ಕೆ ಮನೆಗೆ ಹೋಗಬಾರದು, ಕುದುರೆ ಬಿಟ್ಟು ಕದಲಬಾರದು ಎಂದು ಹೇಳಲಾಗಿತ್ತು. ಅವನು ಕಾಲು ಮೈಲಿ ಪಕ್ಕಕ್ಕೆ ಮನೆಗೆ ಹೋಗಿ ಕುದುರೆಯನ್ನು ಬಾಗಿಲಲ್ಲಿ ಬಿಟ್ಟ, ಅದು ಓಡಿಹೋಗಿ ಹಾನಿ ಮಾಡಿತು. ಮಾಲೀಕರೇ ಹೊಣೆ ಎಂದಾಯಿತು, ಏಕೆಂದರೆ ಇಡೀ ದಿನ ಆ ಕುದುರೆಗಾಡಿಯನ್ನು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ನಮ್ಮ ಹುಡುಗನ ವಿಷಯದಲ್ಲೂ ಅಂಗಡಿಯವರು ಹೊಣೆ ಎಂದೇ ಬರೆಯುತ್ತೇನೆ. ಆದರೆ ಗಾಡಿ ಅವನ ಸ್ವಂತದ್ದಾಗಿದ್ದರೆ ಈ ವಾದ ಸ್ವಲ್ಪ ಸಡಿಲವಾಗುತ್ತದೆ.

ಮೂರು ಗಂಟೆಗೆ ಡೆಲಿವರಿ ಮುಗಿಸಿ, ಅಂಗಡಿಗೆ ಮರಳುವ ಬದಲು ಗೆಳೆಯನನ್ನು ಕೂರಿಸಿಕೊಂಡು ಅವನ ಕೆಲಸಕ್ಕಾಗಿ ನಂಜನಗೂಡಿಗೆ ಹೊರಟ. ದಾರಿಯಲ್ಲಿ ಗುದ್ದಿದ. ಗಡಿಯಾರದ ಪ್ರಕಾರ ಇನ್ನೂ ಕೆಲಸದ ವೇಳೆಯೇ, ಸಂಬಳವೂ ಓಡುತ್ತಿದೆ. ಆದರೂ ಅಂಗಡಿ ಹೊಣೆಯಲ್ಲ. 1869ರ ಸ್ಟೋರಿ ಪ್ರಕರಣ ಇದಕ್ಕೆ ಹತ್ತಿರದ್ದು. ದ್ರಾಕ್ಷಾರಸ ತಲುಪಿಸಿ ಮರಳುತ್ತಿದ್ದ ಗಾಡಿಯವನು ಜೊತೆಗಿದ್ದ ಗುಮಾಸ್ತನ ಸ್ವಂತ ಕೆಲಸಕ್ಕೆಂದು ಬೇರೆಯೇ ದಿಕ್ಕಿಗೆ ತಿರುಗಿಸಿದ್ದ. ಅದು ಮಾಲೀಕರ ಕೆಲಸದಲ್ಲಿ ಸುತ್ತು ದಾರಿ ಹಿಡಿದದ್ದಲ್ಲ, ಸಂಬಂಧವೇ ಇಲ್ಲದ ಹೊಸ ಪ್ರಯಾಣ ಎಂದು ಕೋರ್ಟ್ ಹೇಳಿತು.

ಸುತ್ತು ದಾರಿ ಮತ್ತು ಹೊಸ ಪ್ರಯಾಣ ಎಂಬ ಈ ಗೆರೆ 1834ರ ಜೋಯೆಲ್ ಪ್ರಕರಣದಿಂದ ಬಂದದ್ದು. ಅಲ್ಲೂ ಗಾಯಗೊಂಡದ್ದು ರಸ್ತೆ ದಾಟುತ್ತಿದ್ದ ಪಾದಚಾರಿಯೇ. ಮಾಲೀಕರ ಕೆಲಸದ ಮೇಲಿದ್ದು ದಾರಿ ಬಿಟ್ಟು ಸುತ್ತಿದರೆ ಮಾಲೀಕರು ಹೊಣೆ, ಮಾಲೀಕರ ಕೆಲಸವನ್ನೇ ಬಿಟ್ಟು ತನ್ನ ಮೋಜಿಗೆ ಹೋದರೆ ಅಲ್ಲ ಎಂದು ನ್ಯಾಯಾಧೀಶ ಪಾರ್ಕ್ ಹೇಳಿದರು. ನಾನು ಇದನ್ನು ಒಂದೇ ಪ್ರಶ್ನೆಯಾಗಿ ಇಟ್ಟುಕೊಂಡಿದ್ದೇನೆ: ಡೆಲಿವರಿಯನ್ನು ಕಥೆಯಿಂದ ತೆಗೆದುಹಾಕಿದರೂ ಆ ಪ್ರಯಾಣ ಹಾಗೇ ನಡೆಯುತ್ತಿತ್ತೇ? ಪೆಟ್ರೋಲ್ ಬಂಕಿನದು ನಡೆಯುತ್ತಿರಲಿಲ್ಲ, ನಂಜನಗೂಡಿನದು ನಡೆಯುತ್ತಿತ್ತು. ಊಟದ ಸನ್ನಿವೇಶ ನಡುವೆ ಬೀಳುತ್ತದೆ, ಅಲ್ಲಿ ದೂರ, ಸಮಯ ಮತ್ತು ಮುಂದಿನ ಆರ್ಡರ್ ಕಾಯುತ್ತಿತ್ತೇ ಎಂಬುದನ್ನೂ ನೋಡಬೇಕಾಗುತ್ತದೆ.

ನಂಜನಗೂಡಿಗೆ ಹೋದವನಿಗೆ ಅಲ್ಲೇ ಫೋನ್ ಬಂದು, ಹೊಸ ಆರ್ಡರ್ ಒಪ್ಪಿಕೊಂಡು ಅಂಗಡಿಯತ್ತ ಹೊರಟ ಮೇಲೆ ಗುದ್ದಿದರೆ? ಅಲ್ಲಿಂದಾಚೆ ಅವನು ಮತ್ತೆ ಅಂಗಡಿಯ ಕೆಲಸದ ಮೇಲಿದ್ದಾನೆ ಎಂದು ವಾದಿಸಲು ಒಳ್ಳೆಯ ಆಧಾರವಿದೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಕರೆ ಬಂದ ನಿಮಿಷ, ಆರ್ಡರ್ ಒಪ್ಪಿದ ನಿಮಿಷ, ಅಪಘಾತದ ನಿಮಿಷ ಈ ಮೂರನ್ನೂ ದಾಖಲೆಯಿಂದ ತೆಗೆಯಬೇಕು. ಆ ದಾಖಲೆ ಅಂಗಡಿಯವರ ಕೈಯಲ್ಲಿರುತ್ತದೆ, ಗಾಯಾಳುವಿನ ಕಡೆಯವರು ಅದನ್ನು ಹಾಜರುಪಡಿಸುವಂತೆ ಕೇಳಬೇಕು.

ಗಾಡಿಯನ್ನು ತಮ್ಮನ ಕೈಗೆ ಕೊಟ್ಟು ಅವನು ಗುದ್ದಿದರೆ, ಸುಪ್ರೀಂ ಕೋರ್ಟಿನ 1966ರ ಸೀತಾರಾಮ್ ಮೋತಿಲಾಲ್ ಕಲಾಲ್ ತೀರ್ಪು ಓದಿ. ಟ್ಯಾಕ್ಸಿ ಓಡಿಸಲು ನೇಮಿಸಿದವನು, ಕ್ಲೀನರ್‌ಗೆ ಲೈಸೆನ್ಸ್ ಪರೀಕ್ಷೆ ಕೊಡಿಸಲು ಸ್ಟಿಯರಿಂಗ್ ಬಿಟ್ಟುಕೊಟ್ಟಿದ್ದ. ಬಹುಮತದ ತೀರ್ಪಿನಲ್ಲಿ ಮಾಲೀಕರು ಹೊಣೆಯಾಗಲಿಲ್ಲ.

ಗಾಡಿ ಯಾರದು?

ಗಾಡಿ ಅಂಗಡಿಯ ಹೆಸರಿನಲ್ಲಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅಂಗಡಿಯೇ ನೋಂದಾಯಿತ ಮಾಲೀಕ. ಮೋಟಾರು ವಾಹನ ಕಾಯ್ದೆ 1988ರ ಕಲಂ 166ರ ಅಡಿ ಅರ್ಜಿ ಹಾಕಿ ಸವಾರ, ಅಂಗಡಿ, ವಿಮಾ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡಿದರೆ ಆಯಿತು.

ಗಾಡಿ ಸವಾರನದೇ ಆಗಿದ್ದಾಗ ಕಷ್ಟ. ಕಲಂ 168 ಹೇಳುವುದು ವಿಮಾ ಕಂಪನಿ, ವಾಹನದ ಮಾಲೀಕ ಅಥವಾ ಚಾಲಕ ಕೊಡಬೇಕೆಂದು. ಕೆಲಸ ಕೊಟ್ಟವರ ಹೆಸರು ಅಲ್ಲಿಲ್ಲ. ಆಗ 1997ರ ಕೈಲಾಶ್ ನಾಥ್ ಕೊಠಾರಿ ತೀರ್ಪು ಹಿಡಿಯಬೇಕು. ರಾಜಸ್ಥಾನ ಸಾರಿಗೆ ನಿಗಮ ಖಾಸಗಿ ಬಸ್ಸನ್ನು ಚಾಲಕನ ಸಮೇತ ಬಾಡಿಗೆಗೆ ಪಡೆದಿತ್ತು. ಚಾಲಕ ನಿಗಮದ ಹತೋಟಿಯಲ್ಲಿದ್ದ ಕಾರಣ ನಿಗಮವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹತೋಟಿ ಎಂಬುದು ಇಲ್ಲಿ ನಮಗೆ ಸಿಗುವ ಹಿಡಿ. ಯಾವ ಆರ್ಡರ್, ಎಷ್ಟು ಹೊತ್ತಿಗೆ, ಯಾವ ಸಮವಸ್ತ್ರದಲ್ಲಿ, ತಡವಾದರೆ ಏನು ದಂಡ ಎಂದು ನಿರ್ಧರಿಸುವವರು ಯಾರು ಎಂದು ತೋರಿಸಬೇಕು.

ಆ್ಯಪ್ ಸವಾರ

ಮೇಲಿನದೆಲ್ಲ ಸಂಬಳದ ಹುಡುಗನ ಲೆಕ್ಕ. ಆ್ಯಪ್ ಕಂಪನಿ 'ಇವರು ನಮ್ಮ ನೌಕರರಲ್ಲ, ಪಾಲುದಾರರು' ಎಂದು ಎರಡನೆಯ ಅಂಶದಲ್ಲೇ ತಡೆಯುತ್ತದೆ. ಸ್ವತಂತ್ರ ಗುತ್ತಿಗೆದಾರನ ತಪ್ಪಿಗೆ ಕೆಲಸ ಕೊಟ್ಟವರು ಸಾಮಾನ್ಯವಾಗಿ ಹೊಣೆಯಲ್ಲ. ಸಾಮಾಜಿಕ ಭದ್ರತಾ ಸಂಹಿತೆ 2020 ಗಿಗ್ ಕಾರ್ಮಿಕರನ್ನು ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗಿನವರೆಂದೇ ವ್ಯಾಖ್ಯಾನಿಸುತ್ತದೆ. ಕಂಪನಿ ಅದನ್ನು ಎತ್ತಿ ತೋರಿಸುವುದು ಖಂಡಿತ. ಆದರೆ ಆ ವ್ಯಾಖ್ಯಾನ ಸವಾರರಿಗೆ ಸಿಗಬೇಕಾದ ಸೌಲಭ್ಯಗಳಿಗಾಗಿ ಬರೆದದ್ದು, ಗುದ್ದಿಸಿಕೊಂಡ ಪಾದಚಾರಿಯ ಹಕ್ಕನ್ನು ತೀರ್ಮಾನಿಸಲು ಅಲ್ಲ. ನನ್ನ ಪ್ರಕಾರ ಇಲ್ಲೂ ಒಪ್ಪಂದದ ಹಣೆಪಟ್ಟಿ ಬಿಟ್ಟು ಹತೋಟಿ ಯಾರ ಕೈಯಲ್ಲಿದೆ ಎಂದು ನೋಡಬೇಕು. 1978ರ ಹುಸೇನ್‌ಭಾಯಿ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ನಡುವೆ ಗುತ್ತಿಗೆದಾರರಿದ್ದರೂ ಪರದೆ ಸರಿಸಿ ನಿಜವಾದ ಮಾಲೀಕ ಯಾರೆಂದು ನೋಡಿದ್ದರು. ಅದು ಕಾರ್ಮಿಕ ವಿವಾದ, ಟಾರ್ಟ್ ಅಲ್ಲ, ಆದ್ದರಿಂದ ಉತ್ತರದಲ್ಲಿ ಅದನ್ನು ಪೂರಕ ವಾದವಾಗಿ ಮಾತ್ರ ಬಳಸಿ.