ತರಂಗಾಂತರ ಇಮ್ಮಡಿಯಾದರೆ ಸ್ಟಾಪಿಂಗ್ ಪೊಟೆನ್ಶಿಯಲ್ ಅರ್ಧವಾಗುವುದಿಲ್ಲ

ಸಿಇಟಿಯ ಭೌತವಿಜ್ಞಾನ ಪತ್ರಿಕೆಯಲ್ಲಿ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡು, ಕ್ಯಾಲ್ಕುಲೇಟರ್ ಇಲ್ಲ. ಬೆಂಗಳೂರಿನ ಪಿಯು ವಿದ್ಯಾರ್ಥಿಗಳು ದ್ಯುತಿವಿದ್ಯುತ್ ಪರಿಣಾಮದ ಲೆಕ್ಕದಲ್ಲಿ ಈ ಹೊತ್ತನ್ನೆಲ್ಲ 6.63×10⁻³⁴ ಅನ್ನು 3×10⁸ರಿಂದ ಗುಣಿಸುತ್ತಲೇ ಕಳೆದುಬಿಡುತ್ತಾರೆ. ಅದರ ಅಗತ್ಯವೇ ಇಲ್ಲ. ತರಂಗಾಂತರ ನ್ಯಾನೋಮೀಟರಿನಲ್ಲಿದ್ದರೆ 1240ನ್ನು ಅದರಿಂದ ಭಾಗಿಸಿ. ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟಿನಲ್ಲೇ ಸಿಗುತ್ತದೆ.

ಒಂದು ಲೆಕ್ಕ ನೋಡೋಣ. ಒಂದು ಲೋಹದ ಮೇಲೆ 310 nm ಬೆಳಕು ಬಿದ್ದಾಗ ಸ್ಟಾಪಿಂಗ್ ಪೊಟೆನ್ಶಿಯಲ್ 1.7 V. 400 nm ಬೆಳಕಿಗೆ ಅದು ಎಷ್ಟು? ಥ್ರೆಶೋಲ್ಡ್ ಆವೃತ್ತಿ ಎಷ್ಟು?

1905ರಲ್ಲಿ ಐನ್‌ಸ್ಟೈನ್ ಕೊಟ್ಟ ಸಮೀಕರಣ ಇದು:

hν = φ + eV₀

ಫೋಟಾನ್ ತಂದ ಶಕ್ತಿಯಲ್ಲಿ ಎಲೆಕ್ಟ್ರಾನನ್ನು ಲೋಹದಿಂದ ಬಿಡಿಸಲು ಕನಿಷ್ಠ φ ಖರ್ಚಾಗುತ್ತದೆ. ಉಳಿದದ್ದು ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ. ಅದನ್ನು ತಡೆದು ನಿಲ್ಲಿಸುವ ವೋಲ್ಟೇಜೇ V₀. 310 nm ಫೋಟಾನಿನ ಶಕ್ತಿ 1240/310 = 4 eV. ಅದರಲ್ಲಿ 1.7 ಉಳಿದಿದೆ, ಅಂದರೆ ವರ್ಕ್ ಫಂಕ್ಷನ್ 2.3 eV. 400 nm ಫೋಟಾನ್ ತರುವುದು 3.1 eV, 2.3 ಕಳೆದರೆ ಉತ್ತರ 0.8 V.

ಥ್ರೆಶೋಲ್ಡ್ ಆವೃತ್ತಿ ಕೇಳಿದಾಗ ಮಾತ್ರ ಜೂಲ್‌ಗೆ ಇಳಿಯಬೇಕು. ಇಲ್ಲಿ ಎಡವುವವರು ಬಹಳ: 2.3ನ್ನು ಹಾಗೆಯೇ 6.63×10⁻³⁴ರಿಂದ ಭಾಗಿಸಿ 10³³ರ ಸುತ್ತ ಉತ್ತರ ತರುತ್ತಾರೆ. ಕಣ್ಣಿಗೆ ಕಾಣುವ ಬೆಳಕಿನ ಆವೃತ್ತಿ 10¹⁴ರ ಮಟ್ಟದ್ದು ಎಂಬುದು ನೆನಪಿದ್ದರೆ ತಪ್ಪು ತಕ್ಷಣ ಗೊತ್ತಾಗುತ್ತದೆ. 2.3×1.6×10⁻¹⁹ ಅಂದರೆ 3.68×10⁻¹⁹ J, h ನಿಂದ ಭಾಗಿಸಿದರೆ ಸುಮಾರು 5.55×10¹⁴ Hz. ತರಂಗಾಂತರದಲ್ಲಿ ಹೇಳುವುದಾದರೆ 1240/2.3, ಸುಮಾರು 539 nm. ಕಾಲೇಜಿನ ಲ್ಯಾಬಿನಲ್ಲಿ ಉರಿಯುವ ಹಳದಿ ಸೋಡಿಯಂ ದೀಪದ ಬೆಳಕು 589 nm. ಅದನ್ನು ಎಷ್ಟೇ ಹತ್ತಿರ ಹಿಡಿದರೂ ಈ ಲೋಹದಿಂದ ಎಲೆಕ್ಟ್ರಾನ್ ಹೊರಡುವುದಿಲ್ಲ. ದೀಪ ಹತ್ತಿರ ಬಂದಷ್ಟೂ ಫೋಟಾನುಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದರ ಶಕ್ತಿ ಮಾತ್ರ ಅದೇ 2.1 eV.

ನಿಜವಾದ ಬಲೆ ಇರುವುದು ‘ತರಂಗಾಂತರವನ್ನು ಇಮ್ಮಡಿ ಮಾಡಿದರೆ?’ ಎಂಬ ಪ್ರಶ್ನೆಯಲ್ಲಿ. ಅವಸರದಲ್ಲಿರುವವರು 1.7ರ ಅರ್ಧ 0.85 V ಎಂದು ಗುರುತು ಹಾಕುತ್ತಾರೆ. ಅರ್ಧವಾಗುವುದು ಫೋಟಾನಿನ ಶಕ್ತಿ. φ ಲೋಹದ ಸ್ವಭಾವ, ಅದು ಕದಲುವುದಿಲ್ಲ. 310 nm ಬದಲು 620 nm ಆದಾಗ ಶಕ್ತಿ 4ರಿಂದ 2 eVಗೆ ಇಳಿಯುತ್ತದೆ. 2.3 ಕಳೆದರೆ −0.3. ಈ ಋಣ ಚಿಹ್ನೆ ಕಂಡು ‘0.3 V’ ಎಂದು ಬರೆಯಬೇಡಿ. ಎಲೆಕ್ಟ್ರಾನೇ ಹೊರಬಂದಿಲ್ಲ, ನಿಲ್ಲಿಸಲು ಏನೂ ಇಲ್ಲ.